ವಾಯ್ಸ್ ಹಾಕೋ ಮುಂಚೆ: ಯಾವುದನ್ನು ಹೇಳಬೇಕು, ಯಾವುದನ್ನು ಬರೆಯಬೇಕು, ಯಾವುದಕ್ಕೆ ಫೋನ್ ಮಾಡಬೇಕು

ಹೋದ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಮಂಗಳವಾರ ಅಂತ ದಿನ ಕೊಟ್ಟಿದ್ದರು. ಅದಕ್ಕೂ ಮೊದಲಿನ ಶನಿವಾರ ತಪಾಸಣೆಗೆ ಕರೆದುಕೊಂಡು ಹೋದಾಗ ಶುಗರ್ ಜಾಸ್ತಿ ಬಂತು. ಎರಡು ದಿನ ನೋಡಿಕೊಂಡು ಗುರುವಾರ ಮಾಡೋಣ ಅಂದರು ಡಾಕ್ಟರು. ಆಸ್ಪತ್ರೆ ಹೊರಗೆ ನಿಂತುಕೊಂಡೇ ಬೆಂಗಳೂರಿನಲ್ಲಿರುವ ತಮ್ಮನಿಗೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಹಾಕಿದೆ. 4 ನಿಮಿಷ 12 ಸೆಕೆಂಡ್.

ತಮ್ಮ ಆಗ ಬಸ್ಸಿನಲ್ಲಿದ್ದ. ಒಂದೂವರೆ ನಿಮಿಷ ಕೇಳಿದ. ಸ್ಟಾಪ್ ಬಂತು, ಉಳಿದದ್ದು ಆಮೇಲೆ ಕೇಳೋಣ ಅಂತ ಇಳಿದ. ಆಮೇಲೆ ಮರೆತೇ ಹೋಯಿತು. ದಿನ ಬದಲಾದ ವಿಷಯ ನಾನು ಹೇಳಿದ್ದು ಮೂರನೇ ನಿಮಿಷದಲ್ಲಿ. ಸೋಮವಾರ ರಾತ್ರಿ ಬ್ಯಾಗ್ ಹಿಡಿದುಕೊಂಡು ಮನೆಗೆ ಬಂದ. ಮಂಗಳವಾರ, ಬುಧವಾರ ಎರಡು ದಿನ ರಜೆ ಹಾಕಿದ್ದ. ಇನ್ನೆರಡು ದಿನ ಕೇಳಿದರೆ ಕೊಡಲಿಲ್ಲ. ಗುರುವಾರ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗುವಾಗ ಅವನು ಇರಲಿಲ್ಲ. ಅಮ್ಮ ಎರಡು ಸಲ ಅವನನ್ನು ಕೇಳಿದಳು.

ಪೂರ್ತಿ ಕೇಳಲಿಲ್ಲವಲ್ಲ ಅಂತ ಅವನ ಮೇಲೆ ಕೋಪ ಬಂದಿತ್ತು. ವಾರದ ನಂತರ ಕೂತು ಆ ವಾಯ್ಸನ್ನು ನಾನೇ ಮೊದಲಿಂದ ಕೇಳಿದೆ. ಆಟೋ ಸಿಗದೇ ಇದ್ದದ್ದು, ಟೋಕನ್ ಸಾಲು, ಅಮ್ಮ ಬೆಳಿಗ್ಗೆ ತಿಂದ ಎರಡು ಇಡ್ಲಿ, ಶುಗರ್ ಯಾಕೆ ಏರಿರಬಹುದು ಅನ್ನುವ ನನ್ನ ಲೆಕ್ಕಾಚಾರ, ಅದೆಲ್ಲ ಮುಗಿದ ಮೇಲೆ ‘ಹಾಂ, ಅದಕ್ಕೇ ಗುರುವಾರಕ್ಕೆ ಹಾಕಿದ್ದಾರೆ’ ಅಂತ ಒಂದು ಮಾತು. ಅದೂ ಹಾರನ್ ಸದ್ದಿನ ನಡುವೆ. ಆಮೇಲೆ ಮತ್ತೆ ಒಂದು ನಿಮಿಷ ಲೆನ್ಸ್ ಬಗ್ಗೆ.

ಆವತ್ತಿನಿಂದ ವಾಯ್ಸ್ ಹಾಕುವ ರೀತಿಯನ್ನೇ ಬದಲಾಯಿಸಿಕೊಂಡೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಉದಾಹರಣೆಗೆ ಆ 4 ನಿಮಿಷದ ವಾಯ್ಸನ್ನೇ ಇಟ್ಟುಕೊಳ್ಳೋಣ.

ಮೊದಲ ಕೆಲಸ: ವಿಷಯವನ್ನು ಮೂರು ಪಾಲು ಮಾಡುವುದು

ಮೈಕ್ ಒತ್ತುವ ಮುಂಚೆ ಹತ್ತು ಸೆಕೆಂಡ್ ಸುಮ್ನೆ ನಿಲ್ಲಿ. ಹೇಳಬೇಕಾದದ್ದರಲ್ಲಿ ಮೂರು ಥರದ ವಿಷಯಗಳಿರುತ್ತವೆ.

ಒಂದು, ಅವರು ಮತ್ತೆ ಹುಡುಕಿ ನೋಡಬೇಕಾದದ್ದು. ದಿನ, ಸಮಯ, ದುಡ್ಡು, ವಿಳಾಸ, ಫೋನ್ ನಂಬರು, ಔಷಧಿ ಹೆಸರು. ಇದೆಲ್ಲ ಬರಹಕ್ಕೆ ಹೋಗಬೇಕು. ಬರೆದದ್ದಾದರೆ ವಾಟ್ಸಾಪ್‌ನ ಹುಡುಕುವ ಜಾಗದಲ್ಲಿ ‘ಗುರುವಾರ’ ಅಂತ ಹಾಕಿದರೆ ಸಿಗುತ್ತದೆ. ವಾಯ್ಸ್ ಒಳಗೆ ಹೇಳಿದ ಗುರುವಾರ ಹಾಗೆ ಸಿಗುವುದಿಲ್ಲ. ಹತ್ತು ದಿನ ಬಿಟ್ಟು ಹುಡುಕುವವರಿಗೆ ಸಾಲಾಗಿ ನಿಂತ ವಾಯ್ಸ್‌ಗಳು ಎಲ್ಲಾ ಒಂದೇ ಥರ ಕಾಣುತ್ತವೆ. ಯಾವುದರಲ್ಲಿ ಏನಿದೆ ಅಂತ ಒಂದೊಂದನ್ನೇ ಒತ್ತಿ ಕೇಳಬೇಕು.

ಎರಡು, ಹಿಂದೆ ಮುಂದೆ ಮಾತಾಗಬೇಕಾದದ್ದು. ನಮ್ಮ ವಿಷಯದಲ್ಲಿ ಅದು ಲೆನ್ಸ್. ಆಸ್ಪತ್ರೆಯಲ್ಲಿ ಬೇರೆ ಬೇರೆ ಬೆಲೆಯ ಮೂರು ಲೆನ್ಸ್ ತೋರಿಸಿದ್ದರು. ಯಾವುದು ಹಾಕಿಸೋದು ಅಂತ ನಾನೊಂದು ಹೇಳಬೇಕು, ಅವನೊಂದು ಕೇಳಬೇಕು, ಅಮ್ಮನ ಮನಸ್ಸು ಏನು ಅಂತ ತಿಳಿಯಬೇಕು. ಇದನ್ನು ವಾಯ್ಸ್‌ನಲ್ಲಿ ಶುರು ಮಾಡಿದರೆ ಅವನದೊಂದು, ನನ್ನದೊಂದು ಅಂತ ಎಂಟು ವಾಯ್ಸ್ ಆಗುತ್ತದೆ, ತೀರ್ಮಾನ ಮಾತ್ರ ಆಗುವುದಿಲ್ಲ. ಫೋನಿನಲ್ಲಿ ಐದು ನಿಮಿಷದ ಕೆಲಸ. ನನ್ನ ಗುರುತು ಇಷ್ಟೇ: ಉತ್ತರಕ್ಕೆ ಮತ್ತೆ ಪ್ರಶ್ನೆ ಹುಟ್ಟುತ್ತದೆ ಅನ್ನಿಸಿದರೆ ಫೋನ್ ಮಾಡಬೇಕು. ಎರಡೂ ಕಡೆಯಿಂದ ಎರಡೆರಡು ವಾಯ್ಸ್ ಆದ ಮೇಲೂ ವಿಷಯ ಮುಗಿದಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಬೇಕು.

ಈ ಎರಡನ್ನೂ ತೆಗೆದರೆ ಉಳಿಯುವುದು ಮೂರನೆಯದು. ಅಮ್ಮ ಹೇಗಿದ್ದಾಳೆ, ದಿನ ಯಾಕೆ ಮುಂದೆ ಹೋಯಿತು, ಗಾಬರಿ ಪಡಬೇಕಾ ಬೇಡವಾ. ದನಿಯಲ್ಲಿ ಹೇಳಬೇಕಾದದ್ದು ಇದು. ‘ಶುಗರ್ ಜಾಸ್ತಿ ಬಂದಿದೆ’ ಅಂತ ಬರೆದರೆ ದೂರದಲ್ಲಿರುವವನ ಎದೆ ಧಸಕ್ಕೆನ್ನುತ್ತದೆ. ಅದನ್ನೇ ಅಕ್ಕ ನೆಮ್ಮದಿಯ ದನಿಯಲ್ಲಿ ಹೇಳಿದರೆ ಅಷ್ಟು ಗಾಬರಿ ಆಗುವುದಿಲ್ಲ.

ಕನ್ನಡದವರಿಗೆ ವಾಯ್ಸ್ ಇಷ್ಟವಾಗಲು ಇನ್ನೊಂದು ಕಾರಣವೂ ಇದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರೇ ಜಾಸ್ತಿ. ಹಾಗೆ ಅವಸರದಲ್ಲಿ ಟೈಪ್ ಮಾಡಿದರೆ ‘ಬರ್ಲಾ?’ ಮತ್ತು ‘ಬರಲ್ಲ’ ಎರಡೂ ಒಂದೇ ಥರ ಕಾಣುತ್ತವೆ. ಒಂದು ಬರಲಿಕ್ಕೆ ಒಪ್ಪಿಗೆ ಕೇಳುವುದು, ಇನ್ನೊಂದು ಬರುವುದಿಲ್ಲ ಅನ್ನುವುದು. ‘ಕೊಡ್ಲಾ’, ‘ಕೊಡಲ್ಲ’ ಕೂಡ ಹಾಗೇ. ಬಾಯಲ್ಲಿ ಹೇಳಿದರೆ ಈ ಗೊಂದಲ ಇಲ್ಲ. ಹಾಗಾಗಿ ಕನ್ನಡ ಕೀಬೋರ್ಡ್ ಕೈಗೆ ಕೂರದವರು ವಾಯ್ಸ್ ಹಾಕುವುದು ಸೋಮಾರಿತನ ಅಲ್ಲ. ದಿನ, ಸಮಯವನ್ನು ಮಾತ್ರ ಅವರೂ ಒಂದು ಸಾಲು ಟೈಪ್ ಮಾಡಿದರೆ ಸಾಕು.

ಉದ್ದ ಎಷ್ಟಿರಬೇಕು

ನನ್ನ ಮಾತಿನ ವೇಗವನ್ನು ಗಡಿಯಾರ ಇಟ್ಟು ನೋಡಿದ್ದೇನೆ. ಅವಸರ ಇಲ್ಲದೆ ಮಾತಾಡಿದರೆ ನಿಮಿಷಕ್ಕೆ ಸುಮಾರು 100 ಪದ. ಅಂದರೆ ಅರ್ಧ ನಿಮಿಷದಲ್ಲಿ 50 ಪದ ಹೇಳಬಹುದು. ಇದು ಸಾಕಷ್ಟು ದೊಡ್ಡ ಮಾತು. ಮನೆಯ ಹೆಚ್ಚಿನ ವಿಷಯಗಳು ಅಷ್ಟರಲ್ಲಿ ಮುಗಿಯುತ್ತವೆ.

ಹಾಗಾಗಿ ನಾನು ಇಟ್ಟುಕೊಂಡಿರುವ ಅಳತೆ ಇದು. ಅರ್ಧ ನಿಮಿಷದ ಒಳಗಿನದ್ದಾದರೆ ಹಾಗೇ ಕಳಿಸುತ್ತೇನೆ. ಅದಕ್ಕಿಂತ ಉದ್ದ ಆಗುತ್ತದೆ ಅಂದರೆ, ವಾಯ್ಸ್‌ಗೆ ಮುಂಚೆ ಒಂದು ಸಾಲು ಬರೆಯುತ್ತೇನೆ: ‘ಅಮ್ಮನ ಆಪರೇಷನ್ ದಿನದ ಬಗ್ಗೆ, 40 ಸೆಕೆಂಡ್, ಇವತ್ತು ಸಂಜೆಯೊಳಗೆ ಕೇಳು.’ ಏನಿದೆ, ಎಷ್ಟು ಹೊತ್ತು, ಎಷ್ಟು ಅವಸರ ಅನ್ನುವುದು ಆ ಸಾಲಿನಲ್ಲಿ ಬಂದರೆ ಕೇಳುವವರು ಈಗಲೇ ಕೇಳೋದಾ ಆಮೇಲೆ ಕೇಳೋದಾ ಅಂತ ತಾವೇ ನಿರ್ಧರಿಸುತ್ತಾರೆ. ಎರಡು ನಿಮಿಷ ದಾಟುತ್ತದೆ ಅನ್ನಿಸಿದರೆ ಎರಡು ವಿಷಯ ಸೇರಿಕೊಂಡಿದೆ ಅಂತ ಅರ್ಥ. ಆಗ ಎರಡು ಬೇರೆ ವಾಯ್ಸ್ ಮಾಡುತ್ತೇನೆ, ಇಲ್ಲವೇ ಫೋನ್ ಮಾಡುತ್ತೇನೆ.

ಒಂದನ್ನು ಎರಡು ಮಾಡಿದರೆ ಕೇಳುವವರಿಗೆ ತೊಂದರೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ವಾಟ್ಸಾಪ್‌ನಲ್ಲಿ ಒಂದರ ಕೆಳಗೊಂದು ಬಂದ ವಾಯ್ಸ್‌ಗಳು ತಾವಾಗಿಯೇ ಒಂದಾದ ಮೇಲೊಂದು ಓಡುತ್ತವೆ. ಲಾಭ ಏನೆಂದರೆ ಬೇಕಾದದ್ದಕ್ಕೆ ಮಾತ್ರ ಎಳೆದು ಉತ್ತರ ಕೊಡಬಹುದು, ಬೇಕಾದದ್ದಕ್ಕೆ ಮಾತ್ರ ನಕ್ಷತ್ರ ಹಾಕಿ ಇಟ್ಟುಕೊಳ್ಳಬಹುದು.

ಉದ್ದದ ವಾಯ್ಸ್‌ನಲ್ಲಿ ಇನ್ನೊಂದು ಕಷ್ಟ ಇದೆ. ಕಳಿಸುವವರಿಗೆ ಅದು ಕಾಣುವುದೇ ಇಲ್ಲ. ಪರದೆಯ ಮೇಲೆ ಅಲೆಯ ಥರ ಕಾಣುವ ಗೆರೆ ಇದೆಯಲ್ಲ, ವಾಯ್ಸ್ 20 ಸೆಕೆಂಡಿನದಾದರೂ 4 ನಿಮಿಷದ್ದಾದರೂ ಅದಕ್ಕೆ ಇರುವ ಜಾಗ ಅಷ್ಟೇ. ಮಧ್ಯದಲ್ಲಿ ಒಂದು ಮಾತು ತಿಳಿಯಲಿಲ್ಲ ಅಂತ ಹಿಂದೆ ಸರಿಸಿದರೆ, ಚಿಕ್ಕದರಲ್ಲಿ ಒಂದೆರಡು ಸೆಕೆಂಡ್ ಹಿಂದೆ ಹೋಗುತ್ತದೆ. ಉದ್ದದ್ದರಲ್ಲಿ ಬೆರಳು ಒಂಚೂರು ಅಲುಗಿದರೂ ಹತ್ತು ಹದಿನೈದು ಸೆಕೆಂಡ್ ಹಾರಿಹೋಗುತ್ತದೆ. ಆ ಒಂದು ಮಾತನ್ನು ಹಿಡಿಯಲು ನಾಲ್ಕು ಸಲ ಹಿಂದೆ ಮುಂದೆ ಎಳೆಯಬೇಕು. ದೊಡ್ಡವರ ಬೆರಳಿಗೆ ಇದು ಆಗುವ ಕೆಲಸವೇ ಅಲ್ಲ. ಅವರು ಮತ್ತೆ ಮೊದಲಿಂದ ಕೇಳುತ್ತಾರೆ, ಇಲ್ಲ ಅಂದರೆ ಬಿಟ್ಟುಬಿಡುತ್ತಾರೆ.

ಹೇಳುವ ಕ್ರಮ

ಎದುರು ಕೂತು ಮಾತಾಡುವಾಗ ನಾವು ಕಥೆಯನ್ನು ನಡೆದ ಕ್ರಮದಲ್ಲೇ ಹೇಳುತ್ತೇವೆ. ಮನೆಯಿಂದ ಹೊರಟೆವು, ಆಟೋ ಸಿಗಲಿಲ್ಲ, ಹೀಗೆ. ಕೇಳುವವರು ನಡುವೆ ‘ಅದಿರಲಿ, ಡಾಕ್ಟರು ಏನಂದ್ರು?’ ಅಂತ ಕೇಳಿ ನಮ್ಮನ್ನು ವಿಷಯಕ್ಕೆ ತರುತ್ತಾರೆ. ವಾಯ್ಸ್‌ನಲ್ಲಿ ಹಾಗೆ ಕೇಳುವವರು ಇಲ್ಲ. ಆ ಕೆಲಸವನ್ನೂ ನಾವೇ ಮಾಡಿಕೊಳ್ಳಬೇಕು.

ಆದ್ದರಿಂದ ಮೊದಲ ಮಾತಿನಲ್ಲೇ ಮುಖ್ಯ ವಿಷಯ ಹೇಳಿ. ಆಮೇಲೆ ಕಾರಣ. ಕೊನೆಗೆ ಅವರಿಂದ ಏನು ಬೇಕು ಅನ್ನುವುದು. ‘ಹಲೋ, ಹೇಗಿದ್ದೀಯಾ, ಊಟ ಆಯ್ತಾ, ಏನಿಲ್ಲ ಸುಮ್ನೆ ಮೆಸೇಜ್ ಮಾಡಿದೆ’ ಅಂತ ಶುರು ಮಾಡಿದರೆ ಕೇಳುವವರು ಇದು ಸುಮ್ನೆ ಮಾತು ಅಂತಲೇ ತಿಳಿದು ಪಕ್ಕಕ್ಕೆ ಇಡುತ್ತಾರೆ. ಊಟ ಆಯ್ತಾ ಅಂತ ಕೇಳುವುದು ನಮ್ಮ ಪ್ರೀತಿ, ಅದನ್ನು ಬಿಡಬೇಕಿಲ್ಲ. ಕೊನೆಯಲ್ಲಿ ಕೇಳಿ.

ಕನ್ನಡದಲ್ಲಿ ಮಾತಾಡುವವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಮಾತಿನಲ್ಲಿ ಹೌದೋ ಅಲ್ಲವೋ ಅನ್ನುವುದು ವಾಕ್ಯದ ತುದಿಯಲ್ಲಿ ಬರುತ್ತದೆ. ‘ಮಂಗಳವಾರ ಬರೋದು ಬೇಡ.’ ಇದರಲ್ಲಿ ‘ಬೇಡ’ ಕೇಳಿಸದೇ ಹೋದರೆ ಉಳಿಯುವುದು ‘ಮಂಗಳವಾರ ಬರೋದು.’ ಅರ್ಥ ಪೂರ್ತಿ ಉಲ್ಟಾ. ಮಾತು ಮುಗಿಯುವ ಹೊತ್ತಿಗೆ ನಮ್ಮ ದನಿ ಇಳಿದಿರುತ್ತದೆ. ಕೆಲವರು ಕೊನೆಯ ಪದ ಬಾಯಲ್ಲಿರುವಾಗಲೇ ಬೆರಳು ಎತ್ತಿಬಿಡುತ್ತಾರೆ. ಅಲ್ಲಿಗೆ ಆ ‘ಬೇಡ’ವೇ ಕತ್ತರಿಸಿ ಹೋಗುತ್ತದೆ. ಆದ್ದರಿಂದ ಬೇಡ, ಇಲ್ಲ, ಅಲ್ಲ, ಆಗಲ್ಲ ಅನ್ನುವ ಮಾತಿದ್ದರೆ ಅದನ್ನು ಬಿಡಿಸಿ ಹೇಳಿ, ಇನ್ನೊಂದು ಸಲ ಬೇರೆ ರೀತಿಯಲ್ಲೂ ಹೇಳಿ: ‘ಮಂಗಳವಾರ ಬರಬೇಡ. ಗುರುವಾರ ಬಾ.’

‘ನಾಳೆ’, ‘ನಾಳಿದ್ದು’, ‘ಇವತ್ತು ಸಂಜೆ’ ಅನ್ನುವ ಪದಗಳೂ ಮೋಸ ಮಾಡುತ್ತವೆ. ಫೋನಿನಲ್ಲಿ ನಾಳೆ ಅಂದರೆ ಇಬ್ಬರಿಗೂ ಒಂದೇ ನಾಳೆ. ವಾಯ್ಸನ್ನು ಅವರು ಮಾರನೇ ದಿನ ಕೇಳಿದರೆ ಅವರ ನಾಳೆಯೇ ಬೇರೆ. ವಾರದ ಹೆಸರು, ತಾರೀಖು ಹೇಳಿ. ಅಂಕಿಗಳಲ್ಲಿ ಎಪ್ಪತ್ತು ಮತ್ತು ಎಂಬತ್ತು, ಹದಿನಾರು ಮತ್ತು ಹದಿನೇಳು, ಇಂಗ್ಲಿಷ್‌ನಲ್ಲಿ ಹೇಳಿದರೆ ಫಿಫ್ಟೀನ್ ಮತ್ತು ಫಿಫ್ಟಿ, ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಅಂಕಿಯನ್ನು ಬಾಯಲ್ಲಿ ಹೇಳಿದರೂ ಬರೆದೂ ಕಳಿಸಿ.

ಔಷಧಿ ಹೆಸರನ್ನಂತೂ ಹೇಳಲೇಬೇಡಿ. ಆಪರೇಷನ್ ಆದ ಮೇಲೆ ಅಮ್ಮನಿಗೆ ಎರಡು ಥರದ ಕಣ್ಣಿನ ಡ್ರಾಪ್ಸ್ ಕೊಟ್ಟರು. ಎರಡರ ಹೆಸರೂ ಹೆಚ್ಚು ಕಡಿಮೆ ಒಂದೇ ಥರ, ಹಾಕುವ ಲೆಕ್ಕ ಮಾತ್ರ ಬೇರೆ. ಇಂಥದ್ದಕ್ಕೆ ಡಾಕ್ಟರ ಚೀಟಿಯ ಫೋಟೋ, ಬಾಟಲಿಯ ಫೋಟೋ ಎರಡನ್ನೂ ಕಳಿಸಬೇಕು.

ರೆಕಾರ್ಡ್ ಮಾಡುವಾಗ

ಮೈಕ್ ಗುರುತನ್ನು ಒತ್ತಿ ಹಿಡಿದೇ ಮಾತಾಡಬೇಕಿಲ್ಲ. ಒತ್ತಿ ಮೇಲಕ್ಕೆ ಸರಿಸಿದರೆ ಬೀಗದ ಗುರುತು ಬಂದು ನಿಲ್ಲುತ್ತದೆ. ಆಮೇಲೆ ಬೆರಳು ತೆಗೆದು ಆರಾಮಾಗಿ ಮಾತಾಡಬಹುದು. ನಡುವೆ ಯಾರಾದರೂ ಕರೆದರೆ ನಿಲ್ಲಿಸುವ ಗುರುತು ಒತ್ತಿ, ಅವರ ಜೊತೆ ಮಾತಾಡಿ, ಮತ್ತೆ ಮುಂದುವರಿಸಬಹುದು. ಕಳಿಸುವ ಮುಂಚೆ ಕೇಳಿಯೂ ನೋಡಬಹುದು. ಸರಿ ಇಲ್ಲದಿದ್ದರೆ ಅಲ್ಲೇ ಅಳಿಸಬಹುದು. ನಡುವೆ ನಿಲ್ಲಿಸಿ ಮುಂದುವರಿಸುವ ಅನುಕೂಲ 2022ರಲ್ಲಿ ಬಂದದ್ದು. ವಾಯ್ಸ್ ಕಳಿಸುವುದು ಶುರುವಾಗಿದ್ದು 2013ರಲ್ಲಿ. ಮೊದಲ ವರ್ಷಗಳಲ್ಲಿ ಕಲಿತವರು ಇಂದಿಗೂ ಒಂದೇ ಉಸಿರಿಗೆ ಹೇಳಿ ಮುಗಿಸುವ ಅವಸರದಲ್ಲಿರುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಬೀಗದ ಗುರುತನ್ನು ಒಮ್ಮೆ ತೋರಿಸಿಕೊಡಿ.

ಮೈಕ್ ಇರುವುದು ಫೋನಿನ ಕೆಳಗಿನ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ತೂತಿನ ಪಕ್ಕ, ಸಣ್ಣ ಚುಕ್ಕಿಯ ಥರ. ಅಂಗೈ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಬಾಯಿಂದ ಒಂದು ಗೇಣು ದೂರ ಸಾಕು. ಬಾಯಿಗೆ ಅಂಟಿಸಿ ಹಿಡಿದರೆ ಉಸಿರು ಬಡಿದು ಪ, ಬ, ಭ ಬಂದಲ್ಲೆಲ್ಲ ‘ಫಟ್’ ಅನ್ನುತ್ತದೆ. ದೂರ ಹಿಡಿದರೆ ಫ್ಯಾನು, ಟಿವಿ, ಕುಕ್ಕರು ಎಲ್ಲ ನಿಮ್ಮಷ್ಟೇ ಜೋರಾಗಿ ಕೇಳಿಸುತ್ತವೆ. ಫೋನನ್ನು ಸ್ವಲ್ಪ ಓರೆಯಾಗಿ, ಗದ್ದದ ಪಕ್ಕಕ್ಕೆ ಹಿಡಿಯಿರಿ.

ಒತ್ತಿದ ಮೇಲೆ ಅರ್ಧ ಸೆಕೆಂಡ್ ಬಿಟ್ಟು ಶುರು ಮಾಡಿ, ಇಲ್ಲದಿದ್ದರೆ ಮೊದಲ ಅಕ್ಷರ ಹೋಗುತ್ತದೆ. ಮುಗಿದ ಮೇಲೂ ಅಷ್ಟೇ ಹೊತ್ತು ಬಿಟ್ಟು ಕಳಿಸಿ. ನಡೆಯುತ್ತಾ, ಗಾಳಿಗೆ ಮುಖ ಕೊಟ್ಟು ಮಾತಾಡಿದರೆ ಬರೀ ಭರ್ರ್ ಅನ್ನುವ ಸದ್ದು. ಗೋಡೆಗೆ ಬೆನ್ನು ಕೊಟ್ಟು ನಿಂತರೂ ಎಷ್ಟೋ ವಾಸಿ. ಕಿವಿಯಲ್ಲಿ ಬ್ಲೂಟೂತ್ ಇಯರ್‌ಫೋನ್ ಇದ್ದರೆ ರೆಕಾರ್ಡ್ ಅದರ ಮೈಕಿನಿಂದ ಆಗಬಹುದು. ‘ಬಾವಿಯೊಳಗಿಂದ ಮಾತಾಡಿದ ಹಾಗಿದೆ’ ಅಂತ ಯಾರಾದರೂ ಹೇಳಿದರೆ ಮೊದಲು ಅದನ್ನು ತೆಗೆದು ನೋಡಿ.

ಎಲ್ಲವನ್ನೂ ಕೇಳಿ ನೋಡುವ ವ್ಯವಧಾನ ಇರುವುದಿಲ್ಲ, ಗೊತ್ತು. ಬೇರೆ ಏನೂ ಬೇಡ, ಕೊನೆಯ ಐದು ಸೆಕೆಂಡನ್ನಾದರೂ ಕೇಳಿ. ‘ಬೇಡ’ವೋ ‘ಬಾ’ವೋ ಅಲ್ಲಿಯೇ ಇರುತ್ತದೆ.

ತಪ್ಪು ಹೇಳಿ ಕಳಿಸಿಬಿಟ್ಟರೆ? ಬರೆದ ಮೆಸೇಜನ್ನು ವಾಟ್ಸಾಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ವಾಯ್ಸನ್ನು ತಿದ್ದಲು ಬರುವುದಿಲ್ಲ. ‘ಸಾರಿ, ಬುಧವಾರ ಅಲ್ಲ ಗುರುವಾರ’ ಅಂತ ಇನ್ನೊಂದು ವಾಯ್ಸ್ ಹಾಕಿ ಹಳೆಯದನ್ನು ಹಾಗೇ ಬಿಡಬೇಡಿ. ಅವರು ಮೊದಲನೆಯದನ್ನು ಮಾತ್ರ ಕೇಳಿ ಫೋನ್ ಇಟ್ಟಿರಬಹುದು. ತಪ್ಪಿದ್ದನ್ನು ಎಲ್ಲರಿಗೂ ಅಳಿಸುವ ಆಯ್ಕೆಯಿಂದ ಅಳಿಸಿ, ಸರಿಯಾದದ್ದನ್ನು ಹೊಸದಾಗಿ ಕಳಿಸಿ. ಎರಡು ದಿನದವರೆಗೆ ಹಾಗೆ ಅಳಿಸಬಹುದು. ಅಷ್ಟರಲ್ಲಿ ಕೇಳಿಬಿಟ್ಟಿದ್ದರೆ ಒಂದು ಫೋನ್ ಮಾಡುವುದೇ ಸರಿ.

ಆ 4 ನಿಮಿಷವನ್ನು ಈಗ ಹೇಗೆ ಕಳಿಸುತ್ತೇನೆ

ಮೊದಲು ಬರಹ:

‘ಅಮ್ಮನ ಕಣ್ಣಿನ ಆಪರೇಷನ್ ಮಂಗಳವಾರ ಅಲ್ಲ. ಗುರುವಾರ, 18ನೇ ತಾರೀಖು. ಬೆಳಿಗ್ಗೆ 8:30ಕ್ಕೆ ಆಸ್ಪತ್ರೆಯಲ್ಲಿರಬೇಕು. ರಜೆ ಗುರುವಾರ, ಶುಕ್ರವಾರಕ್ಕೆ ಬದಲಾಯಿಸು. ಕೆಳಗೆ ವಾಯ್ಸ್ ಇದೆ, 40 ಸೆಕೆಂಡ್.’

ಅದರ ಕೆಳಗೆ ವಾಯ್ಸ್:

‘ತಮ್ಮಾ, ಅಮ್ಮನ ಆಪರೇಷನ್ ಗುರುವಾರಕ್ಕೆ ಹೋಗಿದೆ. ಗಾಬರಿ ಆಗೋದೇನಿಲ್ಲ. ಶುಗರ್ ಸ್ವಲ್ಪ ಜಾಸ್ತಿ ಇತ್ತು, ಎರಡು ದಿನ ನೋಡಿಕೊಂಡು ಮಾಡೋಣ ಅಂದ್ರು ಡಾಕ್ಟ್ರು. ಅಮ್ಮ ಚೆನ್ನಾಗಿದ್ದಾಳೆ. ಆದ್ರೆ ಧೈರ್ಯ ಮಾಡ್ಕೊಂಡು ಬಂದಿದ್ಲಲ್ಲ, ದಿನ ಮುಂದೆ ಹೋಯ್ತು ಅಂತ ಸ್ವಲ್ಪ ಸಪ್ಪಗಿದ್ದಾಳೆ. ಸಂಜೆ ಒಂದ್ಸಲ ಫೋನ್ ಮಾಡಿ ಮಾತಾಡ್ಸು, ನೀನು ಹೇಳಿದ್ರೆ ಸಮಾಧಾನ ಆಗ್ತಾಳೆ. ಬುಧವಾರ ರಾತ್ರಿನೇ ಬರ್ತೀಯೋ, ಗುರುವಾರ ಬೆಳಿಗ್ಗೆ ಬರ್ತೀಯೋ, ಅಷ್ಟು ಬರೆದು ಕಳ್ಸು. ಲೆನ್ಸ್ ಯಾವುದು ಅನ್ನೋದನ್ನ ಇವತ್ತು ಶನಿವಾರ ರಾತ್ರಿ ಒಂಬತ್ತಕ್ಕೆ ಫೋನಲ್ಲಿ ಮಾತಾಡೋಣ. ಮಧ್ಯಾಹ್ನ ಊಟ ಮಾಡಿದ್ಯೇನೋ?’

ಆಟೋ ಇಲ್ಲ, ಟೋಕನ್ ಸಾಲಿಲ್ಲ, ಇಡ್ಲಿ ಇಲ್ಲ. ಅದೆಲ್ಲ ರಾತ್ರಿಯ ಫೋನಿನಲ್ಲಿ ಬರುತ್ತದೆ, ಬರಲಿ. ಉತ್ತರವನ್ನು ಬರೆದು ಕಳಿಸು ಅಂತ ಹೇಳಿದ್ದಕ್ಕೂ ಕಾರಣ ಇದೆ. ವಾಯ್ಸ್‌ಗೆ ವಾಯ್ಸಲ್ಲೇ ಉತ್ತರ ಕೊಡಬೇಕು ಅಂತ ಕೆಲವರು ಭಾವಿಸುತ್ತಾರೆ. ಬಸ್ಸಿನಲ್ಲಿ, ಆಫೀಸಿನಲ್ಲಿ ಇರುವವರಿಗೆ ಅದು ಆಗದೆ ಉತ್ತರವೇ ಮುಂದೆ ಹೋಗುತ್ತದೆ. ಬರೆದರೂ ಸಾಕು ಅಂತ ನಾವೇ ಹೇಳಿಬಿಟ್ಟರೆ ಅವರಿಗೆ ಹಗುರ.

ಕೇಳಿದರೋ ಇಲ್ಲವೋ ಅಂತ ತಿಳಿಯಲು ಮೈಕ್ ಗುರುತನ್ನು ನೋಡಿ. ಅವರು ಕೇಳಿದ ಮೇಲೆ ಅದು ನೀಲಿಯಾಗುತ್ತದೆ. ಆದರೆ ಒಂದು ಸಲ ಒತ್ತಿ ನಿಲ್ಲಿಸಿದರೂ ನೀಲಿಯೇ. ತಮ್ಮನ ಫೋನಿನಲ್ಲಿ ಆವತ್ತು ಆದದ್ದು ಅದೇ. ನೀಲಿ ಕಂಡು ನಾನು ನಿಶ್ಚಿಂತೆಯಾಗಿದ್ದೆ. ಆದ್ದರಿಂದ ಮುಖ್ಯ ವಿಷಯಕ್ಕೆ ನೀಲಿ ಬಣ್ಣವನ್ನು ನಂಬಬೇಡಿ. ‘ಗುರುವಾರ, ಆಯ್ತು’ ಅಂತ ಅವರಿಂದ ವಾಪಸ್ ಬರಬೇಕು.

ಯಾರಿಗೆ, ಎಲ್ಲಿ ಕೇಳಿಸುತ್ತದೆ

ಬರೆದದ್ದನ್ನು ಅವರು ಒಬ್ಬರೇ ಓದುತ್ತಾರೆ. ವಾಯ್ಸನ್ನು ಅವರ ಅಕ್ಕಪಕ್ಕದವರೆಲ್ಲ ಕೇಳಬಹುದು. ನಮ್ಮ ದೊಡ್ಡಮ್ಮ ಯಾವ ವಾಯ್ಸ್ ಬಂದರೂ ಜಗಲಿಯಲ್ಲಿ ಕೂತು ಜೋರಾಗಿ ಹಾಕುತ್ತಾರೆ. ಬೀದಿಗೆಲ್ಲ ಕೇಳಿಸುತ್ತದೆ. ಸಂಬಳ, ಸಾಲ, ಕಾಯಿಲೆ, ಸೊಸೆಯ ಮೇಲಿನ ಬೇಸರ, ಇಂಥದ್ದನ್ನು ವಾಯ್ಸ್‌ಗೆ ಹಾಕಬಾರದು. ಹಾಕಲೇಬೇಕಾದರೆ ಮೊದಲು ‘ಒಬ್ಬರೇ ಇದ್ದಾಗ ಕೇಳಿ’ ಅಂತ ಬರೆಯಿರಿ. ಒಂದೇ ಸಲ ಕೇಳಿಸುವ ಹಾಗೆ ಕಳಿಸಲು ಬೀಗ ಹಾಕಿದ ಮೇಲೆ 1 ಅನ್ನುವ ಗುರುತು ಒತ್ತಬಹುದು. ಆದರೂ ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟು ರೆಕಾರ್ಡ್ ಮಾಡಿಕೊಳ್ಳುವುದನ್ನು ಅದು ತಡೆಯುವುದಿಲ್ಲ.

ದೊಡ್ಡಮ್ಮನಿಗೆ ನಾನು ಒಂದು ವಿಷಯ ಹೇಳಿಕೊಟ್ಟೆ. ವಾಯ್ಸ್ ಓಡುವಾಗ ಫೋನನ್ನು ಕಿವಿಗೆ ಹಿಡಿದರೆ ಸ್ಪೀಕರ್ ನಿಂತು ಫೋನ್ ಕರೆಯ ಹಾಗೆ ಕಿವಿಯೊಳಗೆ ಕೇಳಿಸುತ್ತದೆ. ಇಯರ್‌ಫೋನ್ ಬೇಕಿಲ್ಲ. ಈಗ ಹಾಗೇ ಕೇಳುತ್ತಾರೆ.

ಆಫೀಸಿನಲ್ಲಿ ನಿಮಗಿಂತ ಮೇಲಿನವರಿಗೆ, ಅಷ್ಟು ಪರಿಚಯ ಇಲ್ಲದವರಿಗೆ ನೀವಾಗಿಯೇ ವಾಯ್ಸ್ ಶುರು ಮಾಡಬೇಡಿ. ಅವರು ಹಾಕಿದರೆ ನೀವೂ ಹಾಕಬಹುದು. ಅಪಾರ್ಟ್‌ಮೆಂಟ್ ಗುಂಪು, ಶಾಲೆಯ ಪೋಷಕರ ಗುಂಪು ಇರುತ್ತವಲ್ಲ, ಅಲ್ಲಿ ನೀವು ಒಂದು ನಿಮಿಷ ಮಾತಾಡಿದರೆ 60 ಜನರ ಒಂದೊಂದು ನಿಮಿಷ ಹೋಗುತ್ತದೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನು ಒಂದು ಸಾಲು ಬರೆಯಿರಿ. ಹಾಗಂತ ಓದಲು ಬಾರದ ಕೆಲಸದವರು, ಸೆಕ್ಯುರಿಟಿಯವರು ಆ ಗುಂಪಿನಲ್ಲಿದ್ದರೆ ಅದೇ ಸಾಲನ್ನು ಅವರಿಗೆ ಬೇರೆಯಾಗಿ ವಾಯ್ಸ್ ಹಾಕಬೇಕು. ಅವರಿಗೆ ಬರಹವೇ ಕಷ್ಟ.

ಬೇಸರ ಹೇಳಿಕೊಳ್ಳುವಾಗಲೂ ವಾಯ್ಸ್ ಬೇಡ. ಕೋಪದಲ್ಲಿ ಆಡಿದ ಮಾತು ಫೋನಿನಲ್ಲಾದರೆ ಗಾಳಿಯಲ್ಲಿ ಹೋಗುತ್ತದೆ. ವಾಯ್ಸ್ ಅವರ ಬಳಿ ಉಳಿಯುತ್ತದೆ, ಅವರು ಹತ್ತು ಸಲ ಕೇಳುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ. ಸಾವಿನ ಮನೆಗೆ ಹೋಗಬೇಕು, ಆಗದಿದ್ದರೆ ಫೋನ್ ಮಾಡಬೇಕು. ಅವರು ಫೋನ್ ಎತ್ತುವ ಸ್ಥಿತಿಯಲ್ಲಿ ಇಲ್ಲ ಅಂದರೆ ಮಾತ್ರ ಒಂದು ಚಿಕ್ಕ ವಾಯ್ಸ್, ಉತ್ತರ ಕೊಡಬೇಕಾಗಿಲ್ಲ ಅನ್ನುವ ಮಾತನ್ನೂ ಸೇರಿಸಿ. ಮದುವೆಗೆ ಕರೆಯುವುದು ಕೂಡ ಹಾಗೇ. ವಾಯ್ಸ್‌ನಲ್ಲಿ ಕರೆದರೆ ನಮ್ಮ ಕಡೆ ಹಿರಿಯರು ಅದನ್ನು ಕರೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಿಮಗೆ ಉದ್ದದ ವಾಯ್ಸ್ ಬಂದರೆ

ಈಗ ಕೇಳಲು ಆಗದಿದ್ದರೆ ಒಂದು ಸಾಲು ಬರೆಯಿರಿ: ‘ಬಸ್ಸಲ್ಲಿದ್ದೀನಿ, ಏಳು ಗಂಟೆಗೆ ಕೇಳ್ತೀನಿ. ಅರ್ಜೆಂಟ್ ಇದ್ದರೆ ಬರೆದು ಕಳ್ಸಿ.’ ಇದರಿಂದ ಅವರಿಗೂ ಬೇಜಾರಿಲ್ಲ. ಅರ್ಧ ಕೇಳಿ ನಿಲ್ಲಿಸುವುದಕ್ಕಿಂತ ಪೂರ್ತಿ ಕೇಳುವ ಹೊತ್ತು ಸಿಗುವ ತನಕ ಮುಟ್ಟದೇ ಇರುವುದು ಒಳ್ಳೆಯದು. ಮುಟ್ಟದ ವಾಯ್ಸ್ ಕೇಳಿಲ್ಲ ಅಂತ ಗುರುತು ತೋರಿಸುತ್ತಲೇ ಇರುತ್ತದೆ. ಅರ್ಧ ಕೇಳಿದ್ದು ಕೇಳಿದ್ದರ ಸಾಲಿಗೆ ಸೇರಿಹೋಗುತ್ತದೆ.

ವೇಗ ಹೆಚ್ಚಿಸಿ ಕೇಳುವ ಅನುಕೂಲ 2021ರಿಂದ ಇದೆ. ಓಡುವಾಗ ಪಕ್ಕದಲ್ಲಿ ಕಾಣುವ ಗುರುತನ್ನು ಒತ್ತಿದರೆ ಒಂದೂವರೆ ಪಟ್ಟು, ಮತ್ತೊಮ್ಮೆ ಒತ್ತಿದರೆ ಎರಡು ಪಟ್ಟು. ಒಂದೂವರೆ ಪಟ್ಟಿನಲ್ಲಿ ಕನ್ನಡ ಆರಾಮಾಗಿ ತಿಳಿಯುತ್ತದೆ. ಎರಡು ಪಟ್ಟಿನಲ್ಲಿ ಕೊನೆಯ ‘ಇಲ್ಲ’, ‘ಅಲ್ಲ’ಗಳು ನನಗೆ ಜಾರಿಹೋಗುತ್ತವೆ. ದಿನ, ದುಡ್ಡು ಇರುವ ವಾಯ್ಸನ್ನು ಹಾಗೆ ಕೇಳುವುದಿಲ್ಲ.

ಕೇಳಿ ಮುಗಿದ ಮೇಲೆ ಆ ವಾಯ್ಸನ್ನು ಬಲಕ್ಕೆ ಎಳೆದು, ನಿಮಗೆ ತಿಳಿದದ್ದನ್ನು ಅದಕ್ಕೇ ಉತ್ತರವಾಗಿ ಬರೆಯಿರಿ: ‘ಗುರುವಾರ 8:30, ಬುಧವಾರ ರಾತ್ರಿ ಬರ್ತೀನಿ.’ ತಪ್ಪಾಗಿ ಕೇಳಿಸಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಮುಂದೆ ಹುಡುಕುವಾಗ ಈ ಸಾಲು ಸಿಕ್ಕಿದರೆ ಇದರ ಮೂಲಕ ಆ ವಾಯ್ಸೂ ಸಿಗುತ್ತದೆ. ಈಗ ತಮ್ಮ ತಪ್ಪದೆ ಹೀಗೆ ಮಾಡುತ್ತಾನೆ.

ಇನ್ನು ಉದ್ದದ ವಾಯ್ಸ್ ಎಲ್ಲವೂ ತಪ್ಪಲ್ಲ. ದೊಡ್ಡಮ್ಮನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ದೊಡ್ಡಮ್ಮ ಬೆಳಿಗ್ಗೆ ಕಾಫಿ ಕುಡಿಯುವಾಗ ಅವನು ದಿನದ ಕೆಲಸ ಮುಗಿಸಿ ಸುಸ್ತಾಗಿರುತ್ತಾನೆ. ದೊಡ್ಡಮ್ಮ ಹಾಕುವ ಆರು ನಿಮಿಷದ ವಾಯ್ಸ್‌ನಲ್ಲಿ ವಿಷಯ ಅಂತ ಏನೂ ಇರುವುದಿಲ್ಲ. ಹಸು ಕರು ಹಾಕಿದ್ದು, ಮಾವಿನ ಹೂವು ಉದುರಿದ್ದು, ಹಿಂದೆ ಕೊಟ್ಟಿಗೆಯ ಸದ್ದು. ಅವನು ಮಾರನೇ ದಿನ ಕಾರಿನಲ್ಲಿ ಹೋಗುವಾಗ ಅದನ್ನು ವೇಗ ಹೆಚ್ಚಿಸದೆ ಕೇಳುತ್ತಾನೆ. ಅದನ್ನು ಕಡಿಮೆ ಮಾಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಒಂದೇ ಒಂದು ಬದಲಾವಣೆ ಹೇಳಿದೆ. ಅದರೊಳಗೆ ಕೆಲಸದ ಮಾತು ಸೇರಿಸಬೇಡಿ, ಕೆಲಸಕ್ಕೆ ಬೇರೆ ವಾಯ್ಸ್ ಹಾಕಿ ಅಂತ. ಹೋದ ತಿಂಗಳು ಸುದ್ದಿಯ ವಾಯ್ಸ್ ಆದ ಮೇಲೆ ಒಂಬತ್ತು ಸೆಕೆಂಡಿನ ಇನ್ನೊಂದು ಹಾಕಿದ್ದರಂತೆ: ‘ಮಗಾ, ತೋಟದ ಮೋಟಾರು ಸುಟ್ಟು ಹೋಗಿದೆ. ಸೋಮವಾರದೊಳಗೆ ಎಂಟು ಸಾವಿರ ಹಾಕು. ಎಂಟು.’

ಎಂಬತ್ತು ಅಂತ ಕೇಳಿಸಬಾರದು ಅಂತ ಎರಡು ಸಲ ಹೇಳಿದೆ ಅಂದರು.